ಅಥಣಿಯ ಜೋಡು, ಎರಡು ಪರದೆ

ಅಥಣಿಯಲ್ಲಿ ಹೊಲಿದ ಒಂದು ಜೊತೆ ಕೊಲ್ಹಾಪುರಿ ಚಪ್ಪಲಿಯ ಫೋಟೋಗಳನ್ನು ಸಾಲಾಗಿ ಜೋಡಿಸುತ್ತ ಕೂತರೆ ನನಗೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಅವನ್ನೇ ಎರಡು ಬಗೆಯಾಗಿ ಜೋಡಿಸುವುದು ಇನ್ನೂ ಹಿತ. ಒಂದು ಲಿಂಕ್ಡ್‌ಇನ್‌ಗೆ, ಪುಟ ತಿರುವಿ ಓದುವ ಪಿಡಿಎಫ್. ಇನ್ನೊಂದು ಇನ್‌ಸ್ಟಾಗ್ರಾಂಗೆ, ಬೆರಳಿನಿಂದ ಸರಿಸಿ ನೋಡುವ ಚಿತ್ರಮಾಲೆ. ಚಪ್ಪಲಿ ಮಾಡುವ ಮನೆಯ ಹುಡುಗನೊಬ್ಬ, "ಅಕ್ಕಾ, ಎರಡೂ ಕಡೆ ಅದನ್ನ ಹಾಕಿದ್ರ ಆಗೂದಿಲ್ಲೇನು?" ಎಂದು ಕೇಳಿದ್ದ. ಹಾಕಬಹುದು. ಆದರೆ ಒಂದು ಕಡೆ ನೋಡುವವನು ವ್ಯಾಪಾರಿ, ಇನ್ನೊಂದು ಕಡೆ ನೋಡುವವರು ಮೆಟ್ಟಿಕೊಳ್ಳುವವರು.

ಮೊದಲು ಅಳತೆಯ ಮಾತು. ಮೊಬೈಲನ್ನು ನಿಲ್ಲಿಸಿ ಹಿಡಿದು ತೆಗೆದ ಫೋಟೋ ಸಾಮಾನ್ಯವಾಗಿ 3:4 ಇರುತ್ತದೆ. ಇನ್‌ಸ್ಟಾಗ್ರಾಂ 2025ರಿಂದ ಆ ಅಳತೆಯನ್ನೂ ಒಪ್ಪುತ್ತಿರುವುದರಿಂದ ಹಿಮ್ಮಡಿಯಿಂದ ಹೆಬ್ಬೆರಳಿನ ಪಟ್ಟಿಯವರೆಗೆ ಇಡೀ ಚಪ್ಪಲಿಯನ್ನು ಕತ್ತರಿಸದೆ ಇಡಬಹುದು. ಅಗಲ 1080, ಎತ್ತರ 1440. ಇಲ್ಲಿ ಒಂದು ಕಟ್ಟುಪಾಡಿದೆ: ಮೊದಲ ಚಿತ್ರದ ಆಕಾರವೇ ಉಳಿದ ಎಲ್ಲಕ್ಕೂ ಅನ್ವಯಿಸುತ್ತದೆ. ಮೊದಲು ಅಡ್ಡ ಫೋಟೋ ಇಟ್ಟರೆ ಹಿಂದೆ ಬರುವ ಉದ್ದ ಫೋಟೋಗಳ ತಲೆ ಮತ್ತು ಬುಡ ಹಾರಿಹೋಗುತ್ತವೆ.

ಪಿಡಿಎಫ್‌ಗೆ ನಾನು 1080ಕ್ಕೆ 1350ರ ಪುಟ ಇಟ್ಟುಕೊಳ್ಳುತ್ತೇನೆ. ಅಡ್ಡ ಪುಟ ಮೊಬೈಲಿನಲ್ಲಿ ಕುಗ್ಗಿ ಅಕ್ಷರವೇ ಕಾಣುವುದಿಲ್ಲ. ಈ ಪುಟದಲ್ಲಿ ಫೋಟೋ ಮೇಲಿನ 900ರಷ್ಟನ್ನು ಮಾತ್ರ ಹಿಡಿಯುತ್ತದೆ, ಕೆಳಗಿನ ಜಾಗ ಮಾತಿಗೆ. ಹಾಗಾಗಿ ಅಲ್ಲಿಗೆ ಬೇಕಾದದ್ದು ತುಸು ಅಡ್ಡವಾದ ಚೌಕಟ್ಟು. ನಿಂತ ಫೋಟೋವನ್ನೇ ಕತ್ತರಿಸಿ ಅದರಲ್ಲಿ ತುರುಕಿದರೆ ಚಪ್ಪಲಿಯ ಕಿವಿಯೋ ಹಿಮ್ಮಡಿಯೋ ಕಳೆದುಹೋಗುತ್ತದೆ. ಅದಕ್ಕೇ ತೆಗೆಯುವಾಗಲೇ ಚಪ್ಪಲಿಯನ್ನು ಎರಡು ಬಗೆಯಾಗಿ ತೆಗೆಯುತ್ತೇನೆ: ಒಮ್ಮೆ ಮೇಲಿಂದ ಉದ್ದಕ್ಕೆ, ಒಮ್ಮೆ ಪಕ್ಕದಿಂದ ಅಡ್ಡಕ್ಕೆ. ಪಕ್ಕದಿಂದ ತೆಗೆದದ್ದರಲ್ಲಿ ಅಟ್ಟೆಯ ಪದರಗಳು ಒಂದರ ಮೇಲೊಂದು ಕೂತದ್ದು, ಮೊಳೆಯಿಲ್ಲದೆ ತೊಗಲಿನ ದಾರವೇ ಅವನ್ನು ಹಿಡಿದದ್ದು ಕಾಣುತ್ತದೆ. ವ್ಯಾಪಾರಿ ನೋಡಬೇಕಾದದ್ದು ಅದನ್ನೇ.

ಇನ್ನು ಧಾಟಿ. ಪಿಡಿಎಫ್‌ನ ಮೊದಲ ಪುಟದಲ್ಲಿ ಹೇಳಿಕೆ ಬರಬೇಕು, ಹಿಂದೆಯೇ ಅದಕ್ಕೆ ಆಧಾರ. 2025ರ ಜೂನ್‌ನಲ್ಲಿ ಪ್ರಾಡಾ ಸಂಸ್ಥೆ ಮಿಲಾನ್‌ನಲ್ಲಿ ಇದೇ ಚಹರೆಯ ಪಾದರಕ್ಷೆ ತೋರಿಸಿ, ಇದು ಎಲ್ಲಿಯದೆಂಬ ಚರ್ಚೆ ಎದ್ದ ಮೇಲೆ ನನ್ನ ಮೊದಲ ಪುಟ ಹೀಗಾಯಿತು: "ಕೊಲ್ಹಾಪುರಿ ಚಪ್ಪಲಿ ಕರ್ನಾಟಕದಲ್ಲೂ ತಯಾರಾಗುತ್ತದೆ." ಎರಡನೆಯದು: 2019ರಲ್ಲಿ ಸಿಕ್ಕ ಭೌಗೋಳಿಕ ಸೂಚಿಕೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಇವೆ. ಮೂರನೆಯದು ತೊಗಲು ಹದ ಮಾಡುವ ಬಗೆ: ಜಾಲಿ ತೊಗಟೆ, ಅಳಲೆಕಾಯಿ. ಪೂರ್ಣ ವಾಕ್ಯಗಳು, ಪುಟಕ್ಕೊಂದೇ ಸಂಗತಿ, ಹೊಗಳಿಕೆಯ ಪದ ಒಂದೂ ಇಲ್ಲ. ಈ ಕಡತವನ್ನು ಓದುಗರು ಇಳಿಸಿಕೊಂಡು ಮೇಲಧಿಕಾರಿಗೆ ಕಳಿಸಬಹುದು, ಆಗ ಪೋಸ್ಟಿನ ಜತೆ ಬರೆದ ಟಿಪ್ಪಣಿ ಅದರೊಡನೆ ಹೋಗುವುದಿಲ್ಲ. ಆದ್ದರಿಂದ ಊರು, ಸಂಪರ್ಕ, ಕನಿಷ್ಠ ಎಷ್ಟು ಜೊತೆ ಎಂಬುದೆಲ್ಲ ಪುಟದೊಳಗೇ ಇರಬೇಕು.

ಇನ್‌ಸ್ಟಾಗ್ರಾಂನಲ್ಲಿ ಈ ಕ್ರಮವನ್ನು ತಿರುವುಮುರುವು ಮಾಡುತ್ತೇನೆ. ಮೊದಲು ಅಕ್ಷರವಿಲ್ಲದ ಒಂದು ಚಿತ್ರ: ಸಣ್ಣ ತೊಗಲಿನ ಎಳೆಗಳನ್ನು ಜಡೆಯಂತೆ ಹೆಣೆಯುತ್ತಿರುವ ಹೆಂಗಸಿನ ಬೆರಳುಗಳು. ಎರಡನೆಯದೂ ಅಷ್ಟೇ ಗಟ್ಟಿಯಾಗಿರಬೇಕು, ಏಕೆಂದರೆ ಸರಿಸದೆ ಮುಂದೆ ಹೋದವರಿಗೆ ಇನ್‌ಸ್ಟಾಗ್ರಾಂ ಕೆಲವೊಮ್ಮೆ ಅದೇ ಪೋಸ್ಟನ್ನು ಎರಡನೆಯ ಚಿತ್ರದಿಂದ ತೋರಿಸುತ್ತದೆ. ಅಲ್ಲಿ ಹೊಸ ಚಪ್ಪಲಿಯ ಕಿವಿಯ ಮೇಲಿನ ಕುಸುರಿ. ಭೌಗೋಳಿಕ ಸೂಚಿಕೆಯ ಮಾತು ಆರನೆಯದರಲ್ಲಿ ಒಂದೇ ಸಾಲು. ಮಾತು ನಮ್ಮ ಕಡೆಯದು: "ನೋಡ್ರಿ, ಒಂದೂ ಮೊಳಿ ಇಲ್ಲ." ಇದೇ ಸಾಲು ಪಿಡಿಎಫ್‌ಗೆ ಹೋದಾಗ "ಲೋಹದ ಮೊಳೆ ಬಳಸುವುದಿಲ್ಲ, ತೊಗಲಿನ ದಾರದಿಂದಲೇ ಹೊಲಿಗೆ" ಎಂದಾಗುತ್ತದೆ. ಎರಡೂ ನಿಜ, ಎರಡೂ ನನಗೆ ಇಷ್ಟ.

ಕನ್ನಡ ಅಕ್ಷರಕ್ಕೆ ಎರಡೂ ಕಡೆ ಬೇರೆ ಬೇರೆ ಕಾಟ. 1080ರ ಚಿತ್ರ ಮೊಬೈಲಿನಲ್ಲಿ ಸುಮಾರು ಮೂರನೇ ಒಂದಕ್ಕೆ ಕುಗ್ಗಿ ಕಾಣುತ್ತದೆ. ಇಂಗ್ಲಿಷಿಗೆ 36ರ ಅಳತೆ ಸಾಕಾದರೂ ಕನ್ನಡದ ಒತ್ತಕ್ಷರ ಅದರಲ್ಲಿ ಮಸಿಯ ಚುಕ್ಕೆಯಾಗುತ್ತದೆ. ಹಾಗಾಗಿ 48ಕ್ಕಿಂತ ಕೆಳಗೆ ನಾನು ಇಳಿಯುವುದಿಲ್ಲ, ಸಾಲುಗಳ ನಡುವಿನ ಅಂತರವೂ ಒಂದೂವರೆ ಪಟ್ಟು. "ವಸ್ತ್ರ" ಎಂಬಲ್ಲಿ ಇಳಿಯುವ ಎರಡು ಒತ್ತುಗಳಿಗೆ ಅಷ್ಟು ಜಾಗ ಬೇಕೇಬೇಕು. ಪಿಡಿಎಫ್‌ನಲ್ಲಿ ಫಾಂಟ್ ಒಳಗೆ ಸೇರದಿದ್ದರೆ ಒತ್ತು ಅಕ್ಷರದಿಂದ ಕಳಚಿ ಪಕ್ಕಕ್ಕೆ ಬೀಳುತ್ತದೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದಾದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವೇ ಕಾಣುತ್ತದೆ. ನನ್ನ ಕಂಪ್ಯೂಟರಿನಲ್ಲಿ ಆ ಫಾಂಟ್ ಇರುವುದರಿಂದ ತಪ್ಪು ನನಗೆ ಕಾಣುವುದೇ ಇಲ್ಲ. ಆದ್ದರಿಂದ ಕಡತವನ್ನು ಬೇರೊಬ್ಬರ ಮೊಬೈಲಿಗೆ ಕಳಿಸಿ, ಅವರ ಪರದೆಯ ಮೇಲೆ ಪುಟಪುಟವಾಗಿ ನೋಡಿಕೊಂಡ ಮೇಲೆಯೇ ಏರಿಸುತ್ತೇನೆ.