ಹತ್ತು ತೊಗರಿ ಕಾಳು

ಸ್ಮರಣ ಸಂಚಿಕೆಗೆ ಏನಾದರೂ ಬರೆಯಿರೆಂದು ಸಂಘದವರು ಕೇಳಿದಾಗ, ಗಡಿಸೀಮೆಯ ಕನ್ನಡದ ಬಗೆಗೆ ನಾವು ಬರೆಯಬಹುದೆಂದು ಅವರು ಎಣಿಸಿದ್ದಿರಬೇಕು. ಜಹೀರಾಬಾದ್, ನಾರಾಯಣಖೇಡ ತಾಲ್ಲೂಕುಗಳು ಬೀದರ ಜಿಲ್ಲೆಯಿಂದಲೂ ತಾಂಡೂರು ಗುಲಬರ್ಗಾ ಜಿಲ್ಲೆಯಿಂದಲೂ 1956ರಲ್ಲಿ ಅಗಲಿದ ಕಥೆಯನ್ನು ನಮಗಿಂತ ಬಲ್ಲವರು ಬರೆದಿದ್ದಾರೆ. ನಾವು ಬರೆಯಹೊರಟಿರುವುದು ಒಂದು ಲೆಕ್ಕದ ಪುಸ್ತಕದ ಸಂಗತಿ. ಅದರಲ್ಲಿ ನಮ್ಮದೇ ಒಂದು ತಪ್ಪಿದೆ.

ನಿವೃತ್ತಿಯ ನಂತರ ನಾರಾಯಣಖೇಡದ ಕಡೆಯ ನಮ್ಮ ಹಳ್ಳಿಯಲ್ಲಿ ಹತ್ತು ಮಂದಿ ಹೆಣ್ಣುಮಕ್ಕಳ ಉಳಿತಾಯ ಗುಂಪಿನ ಲೆಕ್ಕವನ್ನು ತಿಂಗಳಿಗೊಮ್ಮೆ ನೋಡಿಕೊಡುವ ಕೆಲಸ ನಮ್ಮ ಪಾಲಿಗೆ ಬಂದಿತು. ಇಲ್ಲಿ ಅದನ್ನು ಎಲ್ಲರೂ ತೆಲುಗಿನಂತೆ ‘ಪೊದುಪು ಸಂಘ’ ಎಂದೇ ಕರೆಯುತ್ತಾರೆ. ಸಭೆಯಲ್ಲಿ ಮಾತೆಲ್ಲ ಕನ್ನಡ, ಪುಸ್ತಕವೆಲ್ಲ ತೆಲುಗು. ಪುಸ್ತಕ ಬರೆಯುತ್ತಿದ್ದವಳು ಓದಿದ ಒಬ್ಬ ಸೊಸೆ. ಅವಳು ಬರೆದದ್ದನ್ನು ಕೂಡಿ ನೋಡಿ, ತಾಳೆಯಾದರೆ ಕೆಳಗೆ ರುಜು ಹಾಕುವುದಷ್ಟೇ ನಮ್ಮ ಕೆಲಸ.

ಗುಂಪಿನ ವ್ಯವಹಾರ ಸರಳವಾದದ್ದು. ಪ್ರತಿಯೊಬ್ಬರೂ ತಿಂಗಳಿಗೆ ನೂರು ರೂಪಾಯಿ ಕಟ್ಟುವರು. ಕೂಡಿದ ಹಣವನ್ನು ತಮ್ಮೊಳಗೇ ಸಾಲವಾಗಿ ಕೊಟ್ಟುಕೊಳ್ಳುವರು. ಬಡ್ಡಿ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ, ಅದೂ ಉಳಿದ ಅಸಲಿನ ಮೇಲೆ ಮಾತ್ರ. ಆ ಬಡ್ಡಿ ಯಾರ ಮನೆಗೂ ಹೋಗದೆ ಗುಂಪಿನಲ್ಲಿಯೇ ಉಳಿದು ಉಳಿತಾಯದೊಡನೆ ಬೆಳೆಯುತ್ತದೆ. ಇವೆರಡೂ ಕೂಡಿದ್ದೇ ಗುಂಪಿನ ಮೂಲನಿಧಿ.

ಗುಂಪಿಗೆ ಎರಡು ವರ್ಷ ತುಂಬಿದ ತಿಂಗಳು. ಹತ್ತು ತಿಂಗಳ ಹಿಂದೆ ಆಡು ಕೊಳ್ಳಲೆಂದು 5,000 ರೂಪಾಯಿ ಸಾಲ ಪಡೆದಿದ್ದ ತಾಯಿಯೊಬ್ಬರು ಕೊನೆಯ ಕಂತು ತಂದರು. ತಿಂಗಳಿಗೆ 500 ಅಸಲು, ಅದರ ಮೇಲೆ ಬಡ್ಡಿ: ಮೊದಲ ತಿಂಗಳು 50, ಮರುತಿಂಗಳು 45, ಹೀಗೆ ಇಳಿಯುತ್ತ ಹತ್ತನೆಯ ತಿಂಗಳಿಗೆ ಐದೇ ರೂಪಾಯಿ. ಅವರು 505 ರೂಪಾಯಿ ಚಾಪೆಯ ಮೇಲಿಟ್ಟು, “ನನ್ನದು ಮುಗೀತು” ಎಂದರು. ಬರೆಯುವವಳು ಸಾಲದ ಖಾತೆ ತೆರೆದು, ಇನ್ನೂ 1,500 ರೂಪಾಯಿ ಬಾಕಿ ಎಂದಳು.

ಮಾತು ಬೆಳೆಯಿತು. ಎಲ್ಲರೂ ನಮ್ಮ ಕಡೆ ನೋಡಿದರು. ನಾವು ಪ್ರತಿ ತಿಂಗಳೂ ತಾಳೆ ನೋಡಿ ರುಜು ಹಾಕಿದ ಪುಸ್ತಕವದು. “ಪುಸ್ತಕದಲ್ಲಿ ಇದ್ದಂತೆ ಕೊಡಬೇಕಾಗುತ್ತದಮ್ಮಾ” ಎಂದುಬಿಟ್ಟೆವು. ಆಕೆ ಸೆರಗಿನಿಂದ ಒಂದು ಸುಣ್ಣದ ಡಬ್ಬಿ ತೆಗೆದು ನಮ್ಮ ಮುಂದೆ ಮಗುಚಿದರು. ಆಕೆಯ ತವರು ತಾಂಡೂರಿನ ಕಡೆ, ತೊಗರಿಯ ನಾಡು.

“ಮಾಸ್ತರ್ರೇ, ಹತ್ತು ತೊಗರಿ ಕಾಳು ಇಟ್ಟಿದ್ದೆ. ಕಂತಿಗೊಂದು ತೆಗೆದೀನಿ. ಡಬ್ಬಿ ಖಾಲಿ ಅದ. ನಿಮ್ಮ ಪುಸ್ತಕದಾಗ ಮೂರು ಕಾಳು ಹ್ಯಾಂಗ ಉಳದಾವ?”

ಸದಸ್ಯರ ಪಾಸ್‌ಬುಕ್ಕುಗಳಾದರೂ ಸಾಕ್ಷಿ ನುಡಿಯಬೇಕಿತ್ತು. ಆದರೆ ಅವೆಲ್ಲ ಕಳೆದುಹೋಗದಿರಲೆಂದು ಪುಸ್ತಕಗಳ ಜೊತೆ ಒಂದೇ ಪೆಟ್ಟಿಗೆಯಲ್ಲಿದ್ದವು. ಖಾತೆಯನ್ನು ನೋಡಿಯೇ ಅವುಗಳನ್ನೂ ತುಂಬಿಸಲಾಗುತ್ತಿತ್ತು. ಮೂಲ ತಪ್ಪಿದ್ದರೆ ನಕಲೂ ತಪ್ಪು.

ಅಂದು ರಾತ್ರಿ ಪುಸ್ತಕಗಳನ್ನು ಮನೆಗೆ ತಂದೆವು. ಬರೆದಿದ್ದ ಪ್ರಕಾರ ಉಳಿತಾಯ 24,000, ಬಡ್ಡಿ 4,100, ಒಟ್ಟು 28,100. ಇನ್ನೊಂದು ಕಡೆ ಸದಸ್ಯರಲ್ಲಿ ಸಾಲದ ಬಾಕಿ 22,500, ಬ್ಯಾಂಕಿನಲ್ಲಿ 4,900, ಪೆಟ್ಟಿಗೆಯಲ್ಲಿ 700, ಅದೂ 28,100. ಒಂದು ರೂಪಾಯಿಯ ವ್ಯತ್ಯಾಸವಿಲ್ಲ! ಹಾಗಾದರೆ ಆಕೆ ಸುಳ್ಳು ಹೇಳುತ್ತಿದ್ದಾರೆಯೇ?

ಬಹಳ ಹೊತ್ತಿನ ಮೇಲೆ ತಾಳೆಯನ್ನು ಬಿಟ್ಟು ಬೇರೊಂದು ದಾರಿ ಹಿಡಿದೆವು. ನೂರಕ್ಕೆ ಒಂದು ರೂಪಾಯಿ ಬಡ್ಡಿಯಾದ ಮೇಲೆ, ಹಳೆಯ ಬಾಕಿಯ ವಸೂಲಿ ಇಲ್ಲದಿದ್ದರೆ, ಯಾವ ತಿಂಗಳ ಬಡ್ಡಿಯೂ ಆ ತಿಂಗಳ ಒಟ್ಟು ಸಾಲದ ನೂರನೆಯ ಒಂದು ಭಾಗವನ್ನು ಮೀರಲಾರದು. ತಿಂಗಳು ತಿಂಗಳಾಗಿ ನೋಡುತ್ತ ಬಂದೆವು. ಆಕೆಯ ನಾಲ್ಕನೆಯ ಕಂತಿನ ತಿಂಗಳು ಹತ್ತೂ ಮಂದಿಯ ಒಟ್ಟು ಸಾಲ 18,000. ಬರಬೇಕಾದ ಬಡ್ಡಿ 180. ಬರೆದದ್ದು 680. ಮರುತಿಂಗಳಲ್ಲಿಯೂ 500 ಹೆಚ್ಚು, ಅದರ ಮರುತಿಂಗಳಲ್ಲಿಯೂ ಹಾಗೆಯೇ.

ಆ ಮೂರು ತಿಂಗಳು ಸೊಸೆ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಬದಲಿಗೆ ಬರೆದವಳು ಹೈಸ್ಕೂಲಿನ ಹುಡುಗಿ. ಖಾತೆಯಲ್ಲಿ ‘ಅಸಲು’, ‘ವಡ್ಡಿ’ ಎಂಬ ಎರಡು ಮನೆಗಳು ಪಕ್ಕಪಕ್ಕದಲ್ಲಿವೆ. ಈ ತಾಯಿ ತಂದುಕೊಟ್ಟ 535, 530, 525 ರೂಪಾಯಿಗಳನ್ನು ಅವಳು ಒಡೆಯದೆ ಪೂರ್ತಿಯಾಗಿ ವಡ್ಡಿಯ ಮನೆಯಲ್ಲಿ ಬರೆದಿದ್ದಳು. ಬಡ್ಡಿ 90 ಆಗಬೇಕಾದಲ್ಲಿ 1,590 ಆಯಿತು. ಅಸಲು 1,500 ಇಳಿಯಲೇ ಇಲ್ಲ. ಒಂದು ಕಡೆ ಗುಂಪಿನ ಬಡ್ಡಿ 1,500 ಹೆಚ್ಚಿತು, ಇನ್ನೊಂದು ಕಡೆ ಆಕೆಯ ಸಾಲವೂ ಅಷ್ಟೇ ಹೆಚ್ಚಾಗಿ ಉಳಿಯಿತು. ಎರಡೂ ತಕ್ಕಡಿ ಒಟ್ಟಿಗೆ ಏರಿದ್ದರಿಂದ ತಾಳೆ ಕೆಡಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಗಣಿತ ಕಲಿಸಿದ ನಾವು ಮೂರು ತಿಂಗಳೂ ಅದರ ಕೆಳಗೆ ರುಜು ಹಾಕಿದ್ದೆವು.

ಈ ತಪ್ಪು ಅಲ್ಲಿಗೇ ನಿಲ್ಲುವಂಥದ್ದಲ್ಲ. ಗುಂಪು ಬ್ಯಾಂಕಿನ ಜೋಡಣೆ ಸಾಲಕ್ಕೆ ಅರ್ಜಿ ಹಾಕುವುದರಲ್ಲಿತ್ತು. ನಬಾರ್ಡ್ 1992ರಲ್ಲಿ 500 ಗುಂಪುಗಳೊಡನೆ ಪ್ರಯೋಗವಾಗಿ ಆರಂಭಿಸಿದ ಏರ್ಪಾಡು ಇದು. ಇದರಲ್ಲಿ ಬ್ಯಾಂಕು ಹೊಲ, ಮನೆ ಅಡವು ಕೇಳುವುದಿಲ್ಲ, ಪುಸ್ತಕ ನೋಡುತ್ತದೆ. ಗುಂಪು ಕನಿಷ್ಠ ಆರು ತಿಂಗಳಿಂದ ನಡೆಯುತ್ತಿರಬೇಕು ಎಂಬುದನ್ನು ಕೂಡ ಖಾತೆ ತೆರೆದ ದಿನದಿಂದ ಎಣಿಸದೆ, ಗುಂಪಿನ ಲೆಕ್ಕದ ಪುಸ್ತಕದಿಂದಲೇ ಎಣಿಸಬೇಕೆಂದು ನಿಯಮವಿದೆ. ಈಗಿನ ನಿಯಮದಂತೆ ಮೊದಲ ಅವಧಿ ಸಾಲ ಮೂಲನಿಧಿಯ ಆರು ಪಟ್ಟು ಅಥವಾ ಒಂದೂವರೆ ಲಕ್ಷ, ಯಾವುದು ಹೆಚ್ಚೋ ಅದು. ನಿಜವಾದ ಮೂಲನಿಧಿ 26,600. ಆರು ಪಟ್ಟು 1,59,600. ತಪ್ಪಿದ ಪುಸ್ತಕದ ಪ್ರಕಾರ 1,68,600. ಇಲ್ಲದ 1,500 ರೂಪಾಯಿ ಬ್ಯಾಂಕಿನ ಮೇಜಿನ ಮೇಲೆ 9,000 ಆಗುತ್ತಿತ್ತು.

ಮುಂದಿನ ಸಭೆಯಲ್ಲಿ ಮೂರು ತಿಂಗಳ ಬರಹವನ್ನೂ ಎಲ್ಲರೆದುರು ಓದಿ ಹೇಳಿದೆವು. ಹಳೆಯ ಅಂಕಿಗಳನ್ನು ಅಳಿಸಲಿಲ್ಲ. ಕೆಂಪು ಮಸಿಯಲ್ಲಿ ಅಡ್ಡಗೆರೆ ಹಾಕಿ, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ನಡಾವಳಿ ಪುಸ್ತಕದಲ್ಲಿ ತೀರ್ಮಾನ ಬರೆಸಿ, ಹತ್ತೂ ಮಂದಿಯ ರುಜು ಹೆಬ್ಬೆಟ್ಟು ಪಡೆದೆವು. ಬಡ್ಡಿ 2,600ಕ್ಕೂ ಸಾಲದ ಬಾಕಿ 21,000ಕ್ಕೂ ಇಳಿದವು. ಆ ತಾಯಿಗೆ ಕೈಮುಗಿದೆವು. “ಇರ್ಲಿ ಬಿಡ್ರಿ ಮಾಸ್ತರ್ರೇ” ಎಂದರು. ಅಂದಿನಿಂದ ಪಾಸ್‌ಬುಕ್ಕುಗಳು ಅವರವರ ಮನೆಯಲ್ಲಿಯೇ ಇರುತ್ತವೆ. ಹಣ ಕೈಬದಲಾಗುವ ಹೊತ್ತಿನಲ್ಲಿಯೇ ಅವು ತುಂಬುತ್ತವೆ.

ಗುಂಪು ತಲೆಗೆ 15,000ದಂತೆ ಒಂದೂವರೆ ಲಕ್ಷವನ್ನಷ್ಟೇ ಕೇಳಿತು, ಬ್ಯಾಂಕು ಕೊಟ್ಟಿತು. ಅದಕ್ಕೆ ಬೇರೆಯೇ ಖಾತೆ ತೆರೆಸಿದೆವು. ಅದು ಬ್ಯಾಂಕಿಗೆ ಹಿಂತಿರುಗಬೇಕಾದ ಹಣ, ಮೂಲನಿಧಿಯಲ್ಲ. ಸದಸ್ಯರು ಕಟ್ಟಿದ ಬ್ಯಾಂಕಿನ ಕಂತನ್ನು ಒಳಸಾಲವಾಗಿ ಕೊಟ್ಟುಬಿಟ್ಟು, ಕಂತಿನ ದಿನ ಉಳಿತಾಯದ ಖಾತೆಯಿಂದಲೇ ಹಣ ಕಡಿತವಾದ ಮೇಲೆ ಎಚ್ಚತ್ತ ಗುಂಪುಗಳನ್ನು ನಾವು ನೋಡಿದ್ದೇವೆ. ಆದ್ದರಿಂದ ತಿಂಗಳಿಗೊಮ್ಮೆ ಬ್ಯಾಂಕಿನ ಪಾಸ್‌ಬುಕ್ ಮುದ್ರಿಸಿ ತರುವುದು ಈಗ ಸರದಿಯ ಕೆಲಸ.

ಎರಡು ಸಾಲಗಳನ್ನು ಬೇರೆಯಾಗಿಡುವುದನ್ನು ಹೇಗೆ ವಿವರಿಸುವುದೆಂದು ನಾವು ಚಿಂತಿಸುತ್ತಿದ್ದಾಗ ಆ ತಾಯಿ ಆಗಲೇ ಎರಡು ಡಬ್ಬಿ ಮಾಡಿಕೊಂಡಿದ್ದರು. ಗುಂಪಿನ ಸಾಲಕ್ಕೆ ತೊಗರಿ. ಬ್ಯಾಂಕಿನ ಸಾಲಕ್ಕೆ, ಬೆರೆತರೂ ಗುರುತು ಸಿಗಲೆಂದು, ಮೂವತ್ತು ಹೆಸರು ಕಾಳು.