ನೂರಾ ನಲವತ್ತು ಪ್ಲೇಟು ಇಡ್ಲಿ

ದಾಸನಕೊಪ್ಪದ ಹತ್ತಿರದ ಕಾಲೇಜೊಂದರಲ್ಲಿ ನಮ್ಮ ದೊಡ್ಡಪ್ಪನ ಮಗ ಕ್ಯಾಂಟೀನು ನಡೆಸ್ತಾನೆ. ಹೋದ ಸಲ ಊರಿಗೆ ಹೋದಾಗ ಕೇಳಿದ, ‘ದಿನಾ ನೂರಾ ನಲವತ್ತು ಪ್ಲೇಟು ಹೋಗ್ತು ಮಾರಾಯಾ, ದುಡ್ಡು ಮಾತ್ರ ಉಳಿತಿಲ್ಲೆ. ಎಂತಕ್ಕೆ?’

ಅವನ ಲೆಕ್ಕದಲ್ಲಿ ತಪ್ಪು ಕಾಣಿಸುತ್ತಿರಲಿಲ್ಲ. ಬಾಡಿಗೆ 5,000, ಅಡುಗೆಯವರಿಗೆ 14,000, ಸಹಾಯಕಿಗೆ 8,000, ಕರೆಂಟು ಇತ್ಯಾದಿ 3,000. ಒಟ್ಟು ತಿಂಗಳಿಗೆ 30,000. ಒಂದು ಇಡ್ಲಿಯೂ ಹೋಗದಿದ್ದರೂ ಕೊಡಲೇಬೇಕಾದ ಸ್ಥಿರ ವೆಚ್ಚ ಇದು. ಪ್ಲೇಟಿನ ಬೆಲೆ 25. ಅಕ್ಕಿ, ಉದ್ದು, ಕಾಯಿ, ಗ್ಯಾಸು ಸೇರಿ ಪ್ಲೇಟಿಗೆ ಬೀಳುವ ಖರ್ಚು 15. ಉಳಿಯುವ 10 ರೂಪಾಯಿ ಸ್ಥಿರ ವೆಚ್ಚವನ್ನು ತೀರಿಸಬೇಕು. ಅಂದರೆ ತಿಂಗಳಿಗೆ 3,000 ಪ್ಲೇಟು. 25 ದಿನಕ್ಕೆ ಹಂಚಿದರೆ ದಿನಕ್ಕೆ 120. ಅದರ ಮೇಲಿನ ಇಪ್ಪತ್ತು ಪ್ಲೇಟು ಲಾಭ ಅಂತ ಅವನ ನಂಬಿಕೆ.

ಆದರೆ ಕಾಲೇಜು ವರ್ಷವಿಡೀ ತಿಂಗಳಿಗೆ 25 ದಿನ ಇರೋದಿಲ್ಲವಲ್ಲ. ಪರೀಕ್ಷೆ, ದಸರಾ, ಬೇಸಿಗೆ ರಜೆ ಎಲ್ಲ ಕಳೆದು ಕ್ಯಾಲೆಂಡರ್ ಮೇಲೆ ಗುರುತು ಹಾಕಿದಾಗ ಸಿಕ್ಕಿದ್ದು 200 ದಿನ. ಸ್ಥಿರ ವೆಚ್ಚ ಮಾತ್ರ ಹನ್ನೆರಡೂ ತಿಂಗಳು ಓಡುತ್ತೆ, 3,60,000. ಅದಕ್ಕೆ 36,000 ಪ್ಲೇಟು ಬೇಕು, ಅಂದರೆ ದಿನಕ್ಕೆ 180. ಇವನು ಮಾರೋದು 140. ವರ್ಷಕ್ಕೆ 80,000 ರೂಪಾಯಿ ಸದ್ದಿಲ್ಲದೆ ಸೋರ್ತಾ ಇತ್ತು. ಕೈಯಲ್ಲಿ ದಿನಾ ನಗದು ಆಡ್ತಾ ಇದ್ದರೆ ಇದು ಗೊತ್ತಾಗೋದೇ ಇಲ್ಲ. ಗೊತ್ತಾಗೋದು ಮೇ ತಿಂಗಳ ಸಂಬಳ ಕೊಡುವಾಗ.

ಸುಲಭದ ದಾರಿ ಸಹಾಯಕಿಯನ್ನು ದಿನಗೂಲಿ ಮಾಡೋದು. ದಿನಕ್ಕೆ 300ರಂತೆ 200 ದಿನಕ್ಕೆ 60,000, ಅಂದರೆ 36,000 ಉಳಿತಾಯ. ಅಣ್ಣ ಒಪ್ಪಲಿಲ್ಲ. ‘ರಜೆಲ್ಲಿ ಅದು ಎಂತ ತಿನ್ನವು?’ ಅಂದ. ಬೇಸಿಗೆ ರಜೆ ಬರುವ ಹೊತ್ತಿಗೆ ಅಡಿಕೆ ಕೊಯ್ಲೂ ಮುಗಿದಿರುತ್ತೆ, ಸುಲಿಯುವ ಕೆಲಸವೂ ಸಿಗೋದಿಲ್ಲ. ನಷ್ಟ ಹೋಗ್ತಿರಲಿಲ್ಲ, ಬರೀ ಅವಳ ಮನೆಗೆ ದಾಟ್ತಿತ್ತು.

ಹಾಗಾಗಿ ಕಾಲೇಜಿನವರನ್ನು ಕೇಳಿ ಬಾಡಿಗೆಯನ್ನು ಹತ್ತು ತಿಂಗಳಿಗೆ ಇಳಿಸಿಕೊಂಡ. ಸ್ಥಿರ ವೆಚ್ಚ 3,50,000ಕ್ಕೆ ಬಂತು. ಪ್ಲೇಟಿಗೆ 28 ಮಾಡಿದ, ಈಗ ಉಳಿಯೋದು 13. ದಿನಕ್ಕೆ 135 ಪ್ಲೇಟು ಸಾಕು. ಅವಳನ್ನು ದಿನಗೂಲಿ ಮಾಡಿದ್ದರೆ 27ಕ್ಕೇ 131 ಸಾಕಾಗ್ತಿತ್ತು. ಹೆಚ್ಚುಕಮ್ಮಿ ಪ್ಲೇಟಿಗೆ ಒಂದು ರೂಪಾಯಿಯಲ್ಲಿ ಅವಳ ರಜೆಯ ಸಂಬಳ ನಿಂತಿದೆ.

135ಕ್ಕೂ 140ಕ್ಕೂ ನಡುವೆ ಇರೋದು ಐದೇ ಪ್ಲೇಟು. ಸಂಜೆ ಹತ್ತು ಪ್ಲೇಟು ಇಡ್ಲಿ ಉಳಿದರೆ 150 ರೂಪಾಯಿ ಹಿಟ್ಟಿಗೆ ಹೋದಂತೆ, ಅದನ್ನು ತುಂಬಲು ಇನ್ನೂ ಹನ್ನೆರಡು ಪ್ಲೇಟು ಮಾರಬೇಕು. ಅದಕ್ಕೇ ಈಗ ಕೊನೆಯ ಒಬ್ಬೆ ಇಡುವ ಮೊದಲು ಎಷ್ಟು ಮಕ್ಕಳು ಬಂದಿದ್ದಾರೆ ಅಂತ ಸಹಾಯಕಿಯೇ ಹೋಗಿ ಎಣಿಸಿ ಬರ್ತಾಳೆ.