ಗುಟ್ಟಿಗೂ ಒಂದು ಗಡಿ
ಅಭ್ಯಾಸ ಬೋಧನೆಯ ಶಾಲೆಯಲ್ಲಿ ಆಪ್ತಸಮಾಲೋಚನಾ ಕೊಠಡಿ ತೆರೆಯಬೇಕೆಂಬ ನನ್ನ ಪ್ರಸ್ತಾವದ ತಿರುಳು ಗೋಪ್ಯತೆ. ಎಂಟನೇ ತರಗತಿಯ ಹುಡುಗಿಯೊಬ್ಬಳು ಬಿಸಿಯೂಟ ಬಿಟ್ಟಿದ್ದಾಳೆ ಎನ್ನೋಣ. ಅವಳನ್ನು ಕಳಿಸುವ ಚೀಟಿಯಲ್ಲಿ ತರಗತಿ ಶಿಕ್ಷಕರು "ಐದು ದಿನದಿಂದ ಊಟ ಮಾಡಿಲ್ಲ" ಎಂದು ಕಂಡದ್ದನ್ನಷ್ಟೇ ಬರೆಯಲಿ. "ಮನೆಯಲ್ಲಿ ಜಗಳವಿರಬೇಕು" ಎಂಬ ಊಹೆ ಬೇಡ. ಭೇಟಿಯ ವಹಿಯಲ್ಲಿ ಹೆಸರಿನ ಬದಲು ಸಂಕೇತ ಸಂಖ್ಯೆ, ದಿನಾಂಕ ಇರಲಿ. ಮಾತುಕತೆಯ ಟಿಪ್ಪಣಿ ಸಮಾಲೋಚಕರ ಬೀಗದ ಕಪಾಟಿನಲ್ಲಿರಲಿ.

ಆದರೆ "ಯಾರಿಗೂ ಹೇಳುವುದಿಲ್ಲ" ಎಂದು ಅವಳಿಗೆ ಮಾತು ಕೊಡುವಂತಿಲ್ಲ. ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ತಿಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಶಿಕ್ಷೆಯಿದೆ. ಅದಕ್ಕೇ ಅವಳು ಬಾಯಿ ಬಿಡುವ ಮೊದಲೇ ಹೀಗೆ ಹೇಳಬೇಕೆಂದು ಸೇರಿಸಿದ್ದೇನೆ: "ನಿನ್ನ ಮಾತು ನನ್ನಲ್ಲೇ ಇರುತ್ತದೆ ಮಗೂ. ನಿನಗೆ ಅಪಾಯವಿದ್ದರೆ ಮಾತ್ರ, ಕಾಪಾಡಬಲ್ಲವರಿಗೆ ಹೇಳುತ್ತೇನೆ. ಅದನ್ನೂ ನಿನಗೆ ತಿಳಿಸಿಯೇ."